ಅಜ್ಜಿಗೆ ಗಲಿಬಿಲಿ, ಮೂತ್ರದಲ್ಲಿ ಬ್ಯಾಕ್ಟೀರಿಯಾ: ಆಂಟಿಬಯೋಟಿಕ್‌ಗೆ ಮುಂಚೆ ನೋಡಬೇಕಾದ್ದೇನು?

ಒಂದು ಸೋಮವಾರ ಬೆಳಗ್ಗೆ 81 ವರ್ಷದ ಅಜ್ಜಿಯೊಬ್ಬರನ್ನು ಅವರ ಮಗ ನನ್ನ ಬಳಿ ಕರೆತಂದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಅಜ್ಜಿಗೆ ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಎಂದೋ ತೀರಿಹೋದ ಯಜಮಾನರು ಜಗಲಿಯಲ್ಲಿ ಕೂತಿದ್ದಾರೆ ಅನ್ನುತ್ತಾರೆ. ಸೊಸೆಯನ್ನು ತಂಗಿ ಅಂದುಕೊಂಡು ಮಾತಾಡಿಸುತ್ತಾರೆ. ಹಗಲೆಲ್ಲ ಕೂತಲ್ಲೇ ತೂಕಡಿಕೆ. ಮನೆಯವರು ಆಗಲೇ ಹತ್ತಿರದ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದ್ದರು. ಪಸ್ ಸೆಲ್ 20ರಿಂದ 25, ಬ್ಯಾಕ್ಟೀರಿಯಾದ ಸುಳಿವು ಕೊಡುವ ನೈಟ್ರೈಟ್ ಪಾಸಿಟಿವ್, ಬ್ಯಾಕ್ಟೀರಿಯಾ ಇದೆ ಎಂದು ರಿಪೋರ್ಟ್ ಹೇಳುತ್ತಿತ್ತು.

“ಯೂರಿನ್ ಇನ್ಫೆಕ್ಷನ್ ತಲೆಗೇರಿದೆ ಡಾಕ್ಟ್ರೇ. ಒಂದು ಒಳ್ಳೆ ಆಂಟಿಬಯೋಟಿಕ್ ಬರೆದುಕೊಡಿ” ಎಂದರು ಮಗ.

ಅವರು ಹಾಗೆ ಅಂದುಕೊಂಡದ್ದು ಸಹಜ. ಎಷ್ಟೋ ಆಸ್ಪತ್ರೆಗಳಲ್ಲೂ ಇದೇ ನಡೆಯುತ್ತದೆ. ಆದರೆ ಆ ಅಜ್ಜಿಗೆ ನಾವು ಆಂಟಿಬಯೋಟಿಕ್ ಕೊಡಲಿಲ್ಲ. ಯಾಕೆ ಕೊಡಲಿಲ್ಲ, ಅದರ ಬದಲು ಏನೇನು ನೋಡಿದೆವು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಮನೆಯ ಹಿರಿಯರಿಗೂ ಇದೇ ಪರಿಸ್ಥಿತಿ ಬಂದರೆ ವೈದ್ಯರ ಜೊತೆ ಮಾತಾಡಲು ಸುಲಭವಾಗುತ್ತದೆ.

ಮೊದಲು, ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ವಯಸ್ಸಾದವರ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ತಿಂಗಳುಗಟ್ಟಲೆ ಇರಬಲ್ಲವು. ಉರಿ ಇಲ್ಲ, ಜ್ವರ ಇಲ್ಲ, ನೋವಿಲ್ಲ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿದರೆ ಮಾತ್ರ ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಬೆಳೆಯುತ್ತವೆ. ವೈದ್ಯರು ಇದನ್ನು ಲಕ್ಷಣವಿಲ್ಲದ ಬ್ಯಾಕ್ಟೀರಿಯೂರಿಯಾ ಎನ್ನುತ್ತಾರೆ. ಇದು ಅಪರೂಪದ ಸಂಗತಿಯೇನಲ್ಲ. ವೃದ್ಧಾಶ್ರಮದಂಥ ಕಡೆ ಇರುವ ಹೆಂಗಸರಲ್ಲಿ ಯಾವ ದಿನ ಪರೀಕ್ಷೆ ಮಾಡಿದರೂ 100ಕ್ಕೆ 25ರಿಂದ 50 ಮಂದಿಯಲ್ಲಿ ಇದು ಸಿಗುತ್ತದೆ. ಬಹಳ ಕಾಲದಿಂದ ಮೂತ್ರದ ಕೊಳವೆ, ಅಂದರೆ ಕ್ಯಾತಿಟರ್ ಹಾಕಿಕೊಂಡಿರುವವರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ.

ಹಾಗಾದರೆ ಪಸ್ ಸೆಲ್? ಪಸ್ ಅಂದ ಕೂಡಲೇ ಕೀವು, ಕೀವು ಅಂದ ಕೂಡಲೇ ಸೋಂಕು ಎಂದು ನಮ್ಮ ಮನಸ್ಸು ಓಡುತ್ತದೆ. ಆದರೆ ಹೀಗೆ ಸುಮ್ಮನೆ ಬ್ಯಾಕ್ಟೀರಿಯಾ ಇರುವ ವೃದ್ಧರಲ್ಲಿ ಬಹುಪಾಲು ಜನರ ಮೂತ್ರದಲ್ಲಿ ಪಸ್ ಸೆಲ್ ಇದ್ದೇ ಇರುತ್ತವೆ. ಮೂತ್ರ ವಾಸನೆ ಬರುವುದು, ಮಬ್ಬಾಗಿ ಕಾಣುವುದು ಕೂಡ ಸೋಂಕಿಗೆ ಸಾಕ್ಷಿಯಲ್ಲ. ನೀರು ಕಮ್ಮಿ ಕುಡಿದರೂ ಹಾಗಾಗುತ್ತದೆ.

ಈಗ ಯೋಚಿಸಿ ನೋಡಿ. ವೃದ್ಧಾಶ್ರಮದಲ್ಲಿರುವ, ಗಲಿಬಿಲಿ ಇಲ್ಲದ ಹತ್ತು ಅಜ್ಜಿಯರನ್ನು ಪರೀಕ್ಷೆ ಮಾಡಿದರೂ ಮೂರ್ನಾಲ್ಕು ಜನರಲ್ಲಿ ಇದೇ ರಿಪೋರ್ಟ್ ಬರಬಹುದು. ಹಾಗಿರುವಾಗ ಗಲಿಬಿಲಿಗೆ ಇದೇ ಕಾರಣ ಅಂತ ಆ ಕಾಗದ ಹೇಗೆ ಹೇಳೀತು? ನಿಜಕ್ಕೂ ಈ ಪರೀಕ್ಷೆಯ ಉಪಯೋಗ ಇರುವುದು ಅದು ನೆಗೆಟಿವ್ ಬಂದಾಗ. ಪಸ್ ಸೆಲ್ಲೂ ಇಲ್ಲ, ನೈಟ್ರೈಟೂ ಇಲ್ಲ ಎಂದರೆ ಮೂತ್ರದ ಸೋಂಕು ಇರುವ ಸಾಧ್ಯತೆ ಬಹಳ ಕಮ್ಮಿ, ಬೇರೆ ಕಡೆ ಹುಡುಕಬೇಕು ಎಂದು ಗೊತ್ತಾಗುತ್ತದೆ.

ಎರಡನೆಯದು, ಇದು ದಿಢೀರ್ ಗಲಿಬಿಲಿಯೇ ಎಂದು ಖಚಿತ ಮಾಡಿಕೊಳ್ಳಿ

ಇದು ಅರಳುಮರಳು ಎಂದು ಕೈಬಿಡಬೇಡಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರುವಾಗಿ, ಬೆಳಗ್ಗೆ ಪರವಾಗಿಲ್ಲ, ಸಂಜೆ ಜಾಸ್ತಿ ಎನ್ನುವಂತೆ ಏರಿಳಿಯುವುದು ಡೆಲಿರಿಯಂ. ಅದರ ಮುಖ್ಯ ಗುರುತು ಗಮನ ನಿಲ್ಲದಿರುವುದು. ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಲು ಅಜ್ಜಿಯನ್ನು ಕೇಳಿದೆ. ಶುಕ್ರವಾರದ ತನಕ ಬಂದರು, ಆಮೇಲೆ ಕಿಟಕಿ ಕಡೆ ನೋಡುತ್ತಾ ಕೂತರು. ವಾರದ ಹಿಂದೆ ಇದೇ ಅಜ್ಜಿ ಹಾಲಿನವನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು ಎಂದರು ಸೊಸೆ. ಇಂಥ ಹೋಲಿಕೆಯನ್ನು ಮನೆಯವರು ಮಾತ್ರ ಕೊಡಬಲ್ಲರು.

ಮೂರನೆಯದು, ನಿಜವಾದ ಸೋಂಕಿನ ಗುರುತುಗಳಿವೆಯೇ?

ಮೂತ್ರ ಮಾಡುವಾಗ ಹೊಸದಾಗಿ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು, ಸೊಂಟದ ಮೇಲೆ ಒಂದು ಪಕ್ಕೆಯಲ್ಲಿ ನೋವು, ಕಣ್ಣಿಗೆ ಕಾಣುವಂತೆ ರಕ್ತ. ಇಲ್ಲವೇ ಜ್ವರ, ನಡುಕ. ಇವುಗಳಲ್ಲಿ ಯಾವುದಾದರೂ ಇದ್ದರೆ ಪಾಸಿಟಿವ್ ಮೂತ್ರ ಪರೀಕ್ಷೆಗೆ ಅರ್ಥ ಬರುತ್ತದೆ. “ಹೊಸದಾಗಿ” ಎಂಬ ಮಾತು ಇಲ್ಲಿ ಮುಖ್ಯ. ಐದು ವರ್ಷದಿಂದ ರಾತ್ರಿ ನಾಲ್ಕು ಸಲ ಏಳುವವರು ಈಗಲೂ ನಾಲ್ಕು ಸಲ ಏಳುತ್ತಿದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬಾರದು.

ತಮ್ಮ ನೋವನ್ನು ಹೇಳಲಾಗದವರ ವಿಷಯದಲ್ಲಿ ಇದು ಕಷ್ಟವೇ. ಆಗ ಕಣ್ಣೇ ಸಾಧನ. ಕಿಬ್ಬೊಟ್ಟೆಯನ್ನು ಮೆತ್ತಗೆ ಒತ್ತಿದಾಗ ಮುಖ ಕಿವುಚುತ್ತಾರಾ, ಮೂತ್ರ ಮಾಡುವಾಗ ಕೂಗಿಕೊಳ್ಳುತ್ತಾರಾ ಎಂದು ನೋಡಬೇಕು. ವಯಸ್ಸಾದವರಿಗೆ ಎಷ್ಟೋ ಸಲ ಜ್ವರ ಜೋರಾಗಿ ಬರುವುದಿಲ್ಲ. ಹಾಗಾಗಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಥವಾ ಅವರ ಮಾಮೂಲಿಗಿಂತ 2 ಡಿಗ್ರಿ ಏರಿದರೆ ಅದನ್ನು ಜ್ವರ ಎಂದೇ ತಿಳಿಯಬೇಕು.

ಗಲಿಬಿಲಿಯ ಜೊತೆ ಜ್ವರ, ನಡುಕ, ಜೋರು ಉಸಿರಾಟ ಅಥವಾ ಬಿಪಿ ಇಳಿದಿರುವುದು ಕಂಡರೆ ಕಾಯುವ ಮಾತೇ ಇಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ರಕ್ತ ಮತ್ತು ಮೂತ್ರದ ಕಲ್ಚರ್ ತೆಗೆದುಕೊಂಡು, ಫಲಿತಾಂಶಕ್ಕೆ ಕಾಯದೆ ಆಂಟಿಬಯೋಟಿಕ್ ಶುರು ಮಾಡುತ್ತಾರೆ. ಈ ಲೇಖನದ ಉಳಿದ ಮಾತುಗಳು ಅಂಥವರಿಗೆ ಅನ್ವಯಿಸುವುದಿಲ್ಲ.

ನಮ್ಮ ಅಜ್ಜಿಗೆ ಜ್ವರ 98.2. ಬಿಪಿ, ಉಸಿರಾಟ ಸರಿಯಾಗಿದ್ದವು. ಉರಿ ಇಲ್ಲ, ಪಕ್ಕೆ ನೋವಿಲ್ಲ. ಎದೆಯಲ್ಲಿ ಕಫದ ಸದ್ದೂ ಇರಲಿಲ್ಲ.

ನಾಲ್ಕನೆಯದು, ಬೇರೆ ಕಾರಣ ಹುಡುಕಿ

ಇಲ್ಲಿ ಅತಿ ಹೆಚ್ಚು ಸಮಯ ಕೊಡಬೇಕು. ಆಂಟಿಬಯೋಟಿಕ್ ಬರೆದ ಕೂಡಲೇ ಎಲ್ಲರೂ ಹುಡುಕುವುದನ್ನು ನಿಲ್ಲಿಸಿಬಿಡುತ್ತಾರೆ. ನನಗೆ ದೊಡ್ಡ ಭಯ ಇರುವುದೇ ಅದಕ್ಕೆ. ಸಕ್ಕರೆ ಇಳಿದಿರಬಹುದು, ಸೋಡಿಯಂ ಕಮ್ಮಿಯಾಗಿರಬಹುದು, ನ್ಯುಮೋನಿಯಾ ಇರಬಹುದು, ನೋವೇ ಇಲ್ಲದ ಹೃದಯಾಘಾತ ಇರಬಹುದು. ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಾಗ ತಲೆಯೊಳಗೆ ರಕ್ತ ಕಟ್ಟಲು ಶುರುವಾಗಿರಬಹುದು. ಯೂರಿನ್ ಇನ್ಫೆಕ್ಷನ್ ಎಂಬ ಚೀಟಿ ಅಂಟಿಸಿದರೆ ಇವೆಲ್ಲ ಅದರ ಹಿಂದೆ ಅಡಗಿಕೊಳ್ಳುತ್ತವೆ.

ಅಜ್ಜಿಯ ಸಕ್ಕರೆ, ಸೋಡಿಯಂ, ಇಸಿಜಿ ಸರಿಯಿದ್ದವು. ಬಿದ್ದಿರಲಿಲ್ಲ. ಕೈಕಾಲಿನ ಬಲ ಎರಡೂ ಕಡೆ ಸಮ. ಮೂತ್ರ ಕಟ್ಟಿಕೊಂಡಿರಲಿಲ್ಲ. ಆಮೇಲೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲ ಸಮೇತ ತನ್ನಿ ಎಂದೆ. ಚೀಟಿ ಸಾಲದು, ಚೀಲವೇ ಬೇಕು. ಅದರಲ್ಲಿ ಬಿಪಿ, ಸಕ್ಕರೆ ಮಾತ್ರೆಗಳ ಕೆಳಗೆ ಒಂದು ನೆಗಡಿ ಮಾತ್ರೆಯ ಪಟ್ಟಿ ಇತ್ತು. ಗುರುವಾರ ಮೂಗು ಸೋರುತ್ತಿದೆ ಎಂದು ಮೆಡಿಕಲ್ ಶಾಪಿನಿಂದ ತಂದದ್ದು, ದಿನಕ್ಕೆ ಮೂರು. ಅದರಲ್ಲಿ ಕ್ಲೋರ್‌ಫೆನಿರಮಿನ್ ಇತ್ತು. ಚಿಕ್ಕವರಿಗೆ ಇದರಿಂದ ಸ್ವಲ್ಪ ನಿದ್ದೆ ಬರುತ್ತದೆ, ಅಷ್ಟೆ. ವಯಸ್ಸಾದ ಮಿದುಳಿನಲ್ಲಿ ಗಮನ, ನೆನಪಿಗೆ ಬೇಕಾದ ರಾಸಾಯನಿಕವನ್ನು ಇದು ತಡೆಯುತ್ತದೆ. ಬಾಯಿ ಒಣಗಿಸುತ್ತದೆ, ಕರುಳನ್ನು ನಿಧಾನ ಮಾಡುತ್ತದೆ. ನಿದ್ದೆ ಮಾತ್ರೆಗಳು ಮತ್ತು ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹಿರಿಯರಲ್ಲಿ ಗಲಿಬಿಲಿ ತರಬಲ್ಲವು.

ಮೋಷನ್ ಆಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ಮಗನಿಗೆ ಗೊತ್ತಿರಲಿಲ್ಲ, ಸೊಸೆಗೆ ಗೊತ್ತಿತ್ತು: ಐದು ದಿನ. ರಾತ್ರಿ ಏಳಬೇಕಾಗುತ್ತದೆ ಎಂದು ಅಜ್ಜಿ ಮಧ್ಯಾಹ್ನದ ನಂತರ ನೀರನ್ನೇ ಕುಡಿಯುತ್ತಿರಲಿಲ್ಲ. ನಾಲಿಗೆ ಒಣಗಿ ಮರದಂತಾಗಿತ್ತು.

ಐದನೆಯದು, ಸಿಕ್ಕಿದ್ದನ್ನು ಸರಿಮಾಡಿ, 48 ಗಂಟೆ ಹತ್ತಿರದಿಂದ ನೋಡಿ

ನೆಗಡಿ ಮಾತ್ರೆ ನಿಲ್ಲಿಸಿದೆವು. ಎನಿಮಾ ಕೊಟ್ಟೆವು. ಹೃದಯ, ಕಿಡ್ನಿ ಚೆನ್ನಾಗಿದ್ದದ್ದರಿಂದ ಗಂಟೆಗೊಮ್ಮೆ ಅರ್ಧ ಲೋಟ ನೀರು, ಮಜ್ಜಿಗೆ, ಗಂಜಿ ಕೊಡಲು ಹೇಳಿದೆವು. ಕನ್ನಡಕ ಹಾಕಿಸಿ, ಹಗಲು ಬೆಳಕಿನಲ್ಲಿ ಕೂರಿಸಿ, ರಾತ್ರಿ ಪರಿಚಿತರೊಬ್ಬರು ಪಕ್ಕದಲ್ಲಿರಲಿ ಎಂದೆವು. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಬರೆದಿಡುವ ಕೆಲಸ ಮೊಮ್ಮಗಳದ್ದು. ಜ್ವರ, ನಡುಕ, ಹೊಸ ನೋವು ಕಂಡರೆ, ಅಥವಾ ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಎಷ್ಟು ಹೊತ್ತಾಗಿದ್ದರೂ ಬರಬೇಕು ಎಂದು ಬರೆದುಕೊಟ್ಟೆವು. ಸುಮ್ನೆ ಮನೆಗೆ ಕಳಿಸುವುದಕ್ಕೂ ಹೀಗೆ ಕಾದು ನೋಡುವುದಕ್ಕೂ ಬಹಳ ವ್ಯತ್ಯಾಸ ಇದೆ.

“ಒಂದು ಕೋರ್ಸ್ ಕೊಟ್ಟರೆ ನಷ್ಟವೇನು?” ಎಂದು ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ಕೆನಡಾದ ವಿನ್ನಿಪೆಗ್‌ನ ವೈದ್ಯೆ ಲಿಂಡ್ಸೆ ನಿಕೋಲ್ ಮತ್ತು ಸಂಗಡಿಗರು ವೃದ್ಧಾಶ್ರಮಗಳಲ್ಲಿದ್ದ, ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೂ ಯಾವ ಲಕ್ಷಣವೂ ಇಲ್ಲದ 50 ವೃದ್ಧೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆಂಟಿಬಯೋಟಿಕ್ ಕೊಟ್ಟು ಒಂದು ವರ್ಷ ನೋಡಿದರು. 1987ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಔಷಧಿ ಪಡೆದವರಿಗೆ ಯಾವ ಲಾಭವೂ ಕಾಣಲಿಲ್ಲ. ಬ್ಯಾಕ್ಟೀರಿಯಾ ಮತ್ತೆ ಬಂದವು, ಔಷಧಿಗೆ ಬಗ್ಗದ ತಳಿಗಳು ಹೆಚ್ಚಿದವು, ಅಡ್ಡ ಪರಿಣಾಮಗಳೂ ಜಾಸ್ತಿಯಾದವು. ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘಕ್ಕಾಗಿ ಅವರೇ ಮುಂದಾಳಾಗಿ ಬರೆದ 2019ರ ಮಾರ್ಗಸೂಚಿ ನಮ್ಮ ಅಜ್ಜಿಯಂಥವರ ಬಗ್ಗೆಯೇ ಮಾತಾಡುತ್ತದೆ. ಗಲಿಬಿಲಿ ಮತ್ತು ಬ್ಯಾಕ್ಟೀರಿಯಾ ಇದ್ದು, ಮೂತ್ರದ ಲಕ್ಷಣವಾಗಲಿ ಜ್ವರವಾಗಲಿ ಇಲ್ಲದಿದ್ದರೆ ಬೇರೆ ಕಾರಣ ಹುಡುಕಿ, ಗಮನವಿಟ್ಟು ನೋಡಿಕೊಳ್ಳಿ, ಆಂಟಿಬಯೋಟಿಕ್ ಬೇಡ ಎನ್ನುತ್ತದೆ. ಗರ್ಭಿಣಿಯರು ಮತ್ತು ಮೂತ್ರನಾಳದೊಳಗೆ ಗಾಯವಾಗುವಂಥ ಶಸ್ತ್ರಚಿಕಿತ್ಸೆಗೆ ಹೋಗುವವರ ವಿಷಯ ಬೇರೆ. ಅವರಿಗೆ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕು.

ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ಇಂಥ ಹೊತ್ತಿನಲ್ಲಿ ಬರೆಯುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮಾತ್ರೆಗಳೇ ವೃದ್ಧರಲ್ಲಿ ಗಲಿಬಿಲಿ ತರಬಲ್ಲವು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತಗೊಳ್ಳುವವರಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಅಜ್ಜಿಯ ಚೀಲದಲ್ಲಿ ಗ್ಲಿಮೆಪಿರೈಡ್ ಇತ್ತು.

“ಹೋದ ಸಲ ಆಂಟಿಬಯೋಟಿಕ್ ಕೊಟ್ಟಾಗ ಸರಿಹೋಗಿತ್ತಲ್ಲ” ಎಂದು ಬಹಳ ಮನೆಯವರು ಹೇಳುತ್ತಾರೆ. ಆಗ ಆಸ್ಪತ್ರೆಯಲ್ಲಿ ಡ್ರಿಪ್ ಕೂಡ ಹಾಕಿರುತ್ತಾರೆ, ಕೆಲವು ಮಾತ್ರೆ ನಿಲ್ಲಿಸಿರುತ್ತಾರೆ, ಹೊಟ್ಟೆ ಕಟ್ಟಿದ್ದಕ್ಕೆ ಔಷಧಿ ಕೊಟ್ಟಿರುತ್ತಾರೆ. ಡೆಲಿರಿಯಂ ತಾನಾಗಿಯೂ ಏರಿ ಇಳಿಯುತ್ತದೆ. ಅಷ್ಟರಲ್ಲಿ ಯಾವುದು ಗುಣ ಮಾಡಿತು ಎಂದು ಹೇಳುವುದು ಕಷ್ಟ, ಅಲ್ವಾ?

ಮಂಗಳವಾರ ರಾತ್ರಿ ಅಜ್ಜಿ ಐದು ಗಂಟೆ ನಿದ್ದೆ ಮಾಡಿದರು. ಬುಧವಾರ ಸೊಸೆಯನ್ನು ಹೆಸರು ಹಿಡಿದು ಕರೆದರು. ಜ್ವರದ ಪಟ್ಟಿ ಒಮ್ಮೆಯೂ 99 ಮುಟ್ಟಲಿಲ್ಲ. ಗುರುವಾರ ಮಗ ಫೋನ್ ಮಾಡಿದರು. ಲ್ಯಾಬಿನವರು ಕಲ್ಚರಿಗೂ ಹಾಕಿದ್ದರಂತೆ, ಇ. ಕೊಲೈ ಒಂದು ಲಕ್ಷಕ್ಕಿಂತ ಹೆಚ್ಚು ಬೆಳೆದಿದೆ, ಈಗೇನು ಮಾಡುವುದು ಎಂದು ಕೇಳಿದರು. ಅಮ್ಮ ಏನು ಮಾಡುತ್ತಿದ್ದಾರೆ ಎಂದು ಕೇಳಿದೆ. ಹಾಲಿನವನ ಜೊತೆ ಲೆಕ್ಕ ಮಾಡುತ್ತಿದ್ದಾರೆ ಎಂದರು. ರಿಪೋರ್ಟನ್ನು ಫೈಲಿನಲ್ಲಿ ಇಡಿ, ಮೂತ್ರ ಪರೀಕ್ಷೆ ಮತ್ತೆ ಮಾಡಿಸಬೇಡಿ, ನೀರಿನ ಲೋಟ ಮಾತ್ರ ಅವರ ಕೈಗೆ ಸಿಗುವ ಹಾಗೆ ಇಡಿ ಎಂದೆ.