ಮುರಕಲ್ಲಿನ ಗೋಡೆ ಮತ್ತು 4.27 ಪಟ್ಟು

ಬೇಕಲ ಕೋಟೆಯಲ್ಲಿ ನಡೆಯುವ ಒಂದು ಚಿಕ್ಕ ಪಿಕ್ಸೆಲ್ ಗೇಮ್ ಮಾಡುತ್ತಿದ್ದೇನೆ. ಚಿತ್ರದ ಅಳತೆ 320×180. 1920×1080 ಪರದೆಯಲ್ಲಿ ಅದು ಸರಿಯಾಗಿ ಆರು ಪಟ್ಟು ಹಿಗ್ಗುತ್ತದೆ, ತಲೆನೋವೇ ಇಲ್ಲ. ಆದರೆ ಕುಂಬಳೆಯಲ್ಲಿ ನನ್ನ ಗೇಮ್ ಆಡಿ ನೋಡುವ ಹುಡುಗರ ಹಳೇ ಲ್ಯಾಪ್‌ಟಾಪ್‌ಗಳ ಪರದೆ 1366×768. ಅಲ್ಲಿ ಲೆಕ್ಕ ಸುಮಾರು 4.27 ಪಟ್ಟು.

ತೊಂದರೆ ಎದ್ದು ಕಂಡದ್ದು ಮುರಕಲ್ಲಿನ ಗೋಡೆಯಲ್ಲಿ. ಕಲ್ಲುಗಳ ನಡುವಿನ ಸಂದು ಒಂದೇ ಪಿಕ್ಸೆಲ್ ಅಗಲ. ನಿಯರೆಸ್ಟ್ ಫಿಲ್ಟರ್ ಹಾಕಿದರೆ ಅಡ್ಡಲಾಗಿರುವ 320 ಪಿಕ್ಸೆಲ್‌ಗಳಲ್ಲಿ 234ಕ್ಕೆ ಪರದೆಯ ನಾಲ್ಕು ಚುಕ್ಕಿ ಸಿಗುತ್ತದೆ, ಉಳಿದ 86ಕ್ಕೆ ಐದು. ಹಾಗಾಗಿ ಒಂದು ಸಂದು ಸಪೂರ, ಇನ್ನೊಂದು ದಪ್ಪ. ಕ್ಯಾಮೆರಾ ಸರಿದಾಗ ದಪ್ಪ ಆಗುವ ಸರದಿ ಬೇರೆ ಸಂದಿಗೆ ಬರುತ್ತದೆ, ಇಡೀ ಗೋಡೆ ಮಿಣಮಿಣ ಅನ್ನುತ್ತದೆ. ಲೀನಿಯರ್ ಫಿಲ್ಟರ್ ಹಾಕಿದರೆ ಮಿಣಮಿಣ ಕಡಿಮೆ, ಆದರೆ ಮಳೆಗಾಲದ ಬಸ್ಸಿನ ಗಾಜಿನಿಂದ ನೋಡಿದ ಹಾಗೆ ಎಲ್ಲವೂ ಮಸುಕು.

ಸುಮ್ನೆ ನಾಲ್ಕು ಪಟ್ಟಿಗೆ ನಿಲ್ಲಿಸಬಹುದು, ಅಲ್ವಾ? ಆಗ ಎಡಬಲದಲ್ಲಿ 43, ಮೇಲೆ ಕೆಳಗೆ 24 ಚುಕ್ಕಿಯ ಕಪ್ಪು ಪಟ್ಟಿ ಉಳಿಯುತ್ತದೆ. ಅದಕ್ಕಿಂತ ಚೊಕ್ಕ ದಾರಿ ಬೇರೆ ಇಲ್ಲ. ಆದರೆ ನನಗೆ ಪರದೆ ತುಂಬಬೇಕಿತ್ತು.

ಹಾಗಾಗಿ ಮೊದಲು ಇಡೀ ದೃಶ್ಯವನ್ನು ಅದರ ಮೂಲ ಅಳತೆಯಲ್ಲೇ ಒಂದು ಟೆಕ್ಸ್ಚರ್‌ಗೆ ಬಿಡಿಸುತ್ತೇನೆ. ಅದಕ್ಕೆ ಲೀನಿಯರ್ ಫಿಲ್ಟರನ್ನೇ ಇಟ್ಟು, ಹಿಗ್ಗಿಸುವ ಶೇಡರ್‌ನಲ್ಲಿ ಇಷ್ಟು ಮಾಡುತ್ತೇನೆ:

```glsl
vec2 p = uv * texSize;
vec2 s = floor(p + 0.5);
p = s + clamp((p - s) / fwidth(p), -0.5, 0.5);
color = texture(tex, p / texSize);
```

`s` ಅಂದರೆ ಹತ್ತಿರದ ಎರಡು ಪಿಕ್ಸೆಲ್‌ಗಳ ಗಡಿ. ಪರದೆಯ ಒಂದು ಚುಕ್ಕಿ ಮೂಲ ಚಿತ್ರದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು `fwidth` ಹೇಳುತ್ತದೆ. ಇಲ್ಲಿ ಅದು ಸುಮಾರು 0.23. ಗಡಿಯ ಮೇಲೆ ಒಂದೇ ಒಂದು ಚುಕ್ಕಿಯಷ್ಟು ಅಗಲದಲ್ಲಿ ಎರಡೂ ಬಣ್ಣ ಬೆರೆಯುತ್ತವೆ, ಉಳಿದ ಕಡೆ ಅಚ್ಚ ಬಣ್ಣ. ಈಗ ಪ್ರತಿ ಸಂದಿಗೂ 4.27 ಚುಕ್ಕಿಯ ತೂಕವೇ ಸಿಗುತ್ತದೆ.

ಇಷ್ಟಾದರೂ ಕ್ಯಾಮೆರಾ ನಿಧಾನವಾಗಿ ಸರಿದರೆ ದೃಶ್ಯ ಕುಪ್ಪಳಿಸುತ್ತಿತ್ತು, ಯಾಕೆಂದರೆ ಸಣ್ಣ ಟೆಕ್ಸ್ಚರ್‌ನಲ್ಲಿ ಅದು ಪೂರ್ತಿ ಒಂದೊಂದು ಪಿಕ್ಸೆಲ್ಲೇ ಜಿಗಿಯಬೇಕು. ಅದಕ್ಕೆ ಟೆಕ್ಸ್ಚರನ್ನು 322×182 ಮಾಡಿದೆ, ಸುತ್ತ ಒಂದೊಂದು ಪಿಕ್ಸೆಲ್ ಜಾಸ್ತಿ. ಕ್ಯಾಮೆರಾ 57.4ರಲ್ಲಿದ್ದರೆ 57ಕ್ಕೆ ನಿಲ್ಲಿಸಿ ಬಿಡಿಸುತ್ತೇನೆ, ಮಿಕ್ಕ 0.4 ಅನ್ನು `texSize`ನಿಂದ ಭಾಗಿಸಿ ಹಿಗ್ಗಿಸುವಾಗ `uv`ಗೆ ಸೇರಿಸುತ್ತೇನೆ. ಕ್ಯಾಮೆರಾ ಹಿಂಬಾಲಿಸುವ ಆಟಗಾರನ ಬೊಂಬೆ ಮಾತ್ರ ಇದರಲ್ಲಿ ಸ್ವಲ್ಪ ನಡುಗುತ್ತದೆ. ಅದನ್ನು ಸಣ್ಣ ಟೆಕ್ಸ್ಚರ್‌ನಿಂದ ಹೊರಗಿಟ್ಟು, ಅದೇ ಶೇಡರ್‌ನಲ್ಲಿ ನೇರ ಪರದೆಗೆ ಬಿಡಿಸಿದೆ. ಆಗ ಸ್ಪ್ರೈಟ್ ಸುತ್ತ ಒಂದು ಪಿಕ್ಸೆಲ್ ಪಾರದರ್ಶಕ ಅಂಚು ಬಿಡಬೇಕು, ಇಲ್ಲದಿದ್ದರೆ ತುದಿ ಒರಟಾಗುತ್ತದೆ.

ಪರೀಕ್ಷೆಗೆ ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳಿಯ ಚದುರಂಗದ ಚಿತ್ರ ಸಾಕು. ಸ್ಕ್ರೀನ್‌ಶಾಟ್ ತೆಗೆದು ದೊಡ್ಡದು ಮಾಡಿ ನೋಡಿ. ಗಡಿಯ ಬೂದು ಒಂದು ಚುಕ್ಕಿಗಿಂತ ತುಂಬಾ ಅಗಲ ಇದ್ದರೆ ವಿಂಡೋಸ್‌ನ 125% ಸ್ಕೇಲಿಂಗ್ ನಿಮ್ಮ ಚಿತ್ರವನ್ನು ಇನ್ನೊಮ್ಮೆ ಹಿಗ್ಗಿಸುತ್ತಿರಬಹುದು. ಮೂರು ಪಟ್ಟಿನ ಮೇಲೆ ಈ ಉಪಾಯ ಚೆನ್ನಾಗಿದೆ. ಒಂದೂವರೆ ಪಟ್ಟಿನಲ್ಲಿ ಬೆರೆತ ಚುಕ್ಕಿಗಳೇ ಜಾಸ್ತಿಯಾಗಿ ಮತ್ತೆ ಮಸುಕು ಕಾಣುತ್ತದೆ.