ಎಕ್ಸ್‌ಪೈರಿ ಪಟ್ಟಿ ಖಾಲಿ ಬಂದರೆ ಒಮ್ಮೆ ಹೀಗೆ ನೋಡಿ

ಶಿರಸಿಯ ನಮ್ಮ ಸಣ್ಣ ಔಷಧಿ ಅಂಗಡಿಯಲ್ಲಿ, ಮುಂದಿನ ಮೂರು ತಿಂಗಳೊಳಗೆ ಅವಧಿ ಮುಗಿಯುವ ಸರಕನ್ನು ಪ್ರತಿ ತಿಂಗಳೂ ಎಕ್ಸೆಲ್ ಪಟ್ಟಿಯಿಂದ ಬೇರ್ಪಡಿಸುತ್ತೇವೆ. ಕಳೆದ ಸಲ ಒಂದೂ ಸಿಗಲಿಲ್ಲವೆಂದು ನೆಮ್ಮದಿಯಿಂದಿದ್ದೆ. ಆದರೆ ಗಿರಾಕಿಯೊಬ್ಬರಿಗೆ ಕೊಡಲು ಕೈಗೆತ್ತಿಕೊಂಡ ಕಣ್ಣಿನ ಡ್ರಾಪ್ಸ್ ಡಬ್ಬಿಯ ಮೇಲೆ ಮುಂದಿನ ತಿಂಗಳೇ ಅಚ್ಚಾಗಿತ್ತು.

ಕೂಡಲೇ ಖಾಲಿ ಕೋಶಗಳಲ್ಲಿ ಈ ಎರಡು ಸೂತ್ರ ಹಾಕಿದೆ. ನಮ್ಮಲ್ಲಿ ಅವಧಿಯ ಕಾಲಂ D.

```
=COUNTA(D2:D2000)
=COUNT(D2:D2000)
```

ಮೊದಲನೆಯದು ತುಂಬಿದ ಕೋಶಗಳನ್ನೆಲ್ಲ ಎಣಿಸುತ್ತದೆ, ಎರಡನೆಯದು ಎಕ್ಸೆಲ್ ಸಂಖ್ಯೆಯೆಂದು ಓದಿದವನ್ನು ಮಾತ್ರ; ನಿಜವಾದ ದಿನಾಂಕವೂ ಎಕ್ಸೆಲ್‌ಗೆ ಸಂಖ್ಯೆಯೇ. ಉತ್ತರ 412 ಮತ್ತು 0 ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಇಳಿಸಿದ 08/26 ಎಂಬಂಥ ಬರಹ ದಿನಾಂಕವಾಗಿರದೆ ಬರೀ ಅಕ್ಷರವಾಗಿತ್ತು. ಅಕ್ಷರವನ್ನು ಎಕ್ಸೆಲ್ ಯಾವ ದಿನಾಂಕಕ್ಕಿಂತಲೂ ದೊಡ್ಡದೆಂದೇ ಹೋಲಿಸುವುದರಿಂದ, ‘ಇದಕ್ಕಿಂತ ಮೊದಲು’ ಎಂಬ ಜರಡಿಯಲ್ಲಿ ಏನೂ ಉಳಿಯುವುದಿಲ್ಲ.

ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ, ಕೆಳಗಿನವರೆಗೆ ಎಳೆದು, ದಿನಾಂಕದ ರೂಪ ಕೊಟ್ಟೆ.

```
=EOMONTH(DATE(2000+RIGHT(D2,2),LEFT(D2,2),1),0)
```

ಲೇಬಲ್ಲಿನ ತಿಂಗಳ ಕೊನೆಯ ದಿನದವರೆಗೂ ಔಷಧಿಗೆ ಅವಧಿಯಿರುವುದರಿಂದ ಈ ಸೂತ್ರ ಆ ದಿನವನ್ನೇ ಕೊಡುತ್ತದೆ. ಮತ್ತೆ ಜರಡಿ ಹಿಡಿದಾಗ ಏಳು ಸರಕು ಸಿಕ್ಕವು, ಆ ಡ್ರಾಪ್ಸ್ ಕೂಡ.

ಎರಡೂ ಎಣಿಕೆ ಸರಿಹೊಂದಿದರೂ, ಪಟ್ಟಿಗೆ ಸೇರಿಸದೆ ಕಪಾಟಿನಲ್ಲಿಟ್ಟ ಸರಕು ಇದರಲ್ಲಿ ಕಾಣುವುದಿಲ್ಲ. ಅದಕ್ಕೆ ನಾನು ಈಗಲೂ ಒಂದು ಅರೆಯನ್ನು ಕೈಯಾರೆ ನೋಡುತ್ತೇನೆ.