ಹಳೇ ಮಾಡೆಲ್ ಟೀವಿಗಾಗಿ ಒಂದು ವರ್ಷ ಕಾದೆ

ಹೊಸ ಮಾಡೆಲ್ ಬರಲಿ, ಹಳೇದನ್ನು ಕಮ್ಮಿಗೆ ತಗೊಳ್ತೀನಿ ಅಂತ ನಾನು ಕೂತಿದ್ದಾಗ ಭಾವ ಸಿಕ್ಕಾಪಟ್ಟೆ ನಕ್ಕಿದ್ದರು. ಈಗ ಅವರೇ "ಫ್ರಿಜ್ ಯಾವಾಗ ತಗೊಳ್ಳೋದು?" ಅಂತ ಫೋನ್ ಮಾಡುತ್ತಾರೆ.

ಮೊದಲ ಎರಡು ಸಲ ನಾನೂ ಕೈ ಸುಟ್ಟುಕೊಂಡವನೇ. ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಹೊಸ ಟೀವಿಗಳನ್ನು ತೋರಿಸುತ್ತಾರಲ್ವಾ, ಅವತ್ತೇ ಹಳೇದರ ಬೆಲೆ ಬಿತ್ತು ಅಂದುಕೊಂಡು ಆ ವಾರವೇ ತಗೊಂಡೆ. ಎರಡು ತಿಂಗಳಲ್ಲಿ ಅದೇ ಟೀವಿ ಇನ್ನೂ ಶೇ. 15ರಷ್ಟು ಇಳಿಯಿತು. ತೋರಿಸೋದು ಜನವರಿಯಲ್ಲಿ, ಅಂಗಡಿಗೆ ಬರೋದು ಹೆಚ್ಚುಕಮ್ಮಿ ಮಾರ್ಚ್‌ನಿಂದ ಮೇ ಒಳಗೆ. ಜಾಗ ಖಾಲಿ ಮಾಡಲೇಬೇಕಾದ ಗಡಿಬಿಡಿ ಅಂಗಡಿಯವನಿಗೆ ಶುರುವಾಗೋದೇ ಆಗ. ಎರಡನೇ ಸಲ ಆಸೆ ಜಾಸ್ತಿಯಾಗಿ ಮೇ ಕೊನೆಯವರೆಗೂ ಕಾದೆ. 65 ಇಂಚು ಎಲ್ಲೂ ಇಲ್ಲ! ಇದ್ದ ಒಬ್ಬನೇ ಒಬ್ಬ ಮಾರಾಟಗಾರ ಹಿಂದಿನ ವರ್ಷದ ಕೊನೆಯ ಸೇಲ್‌ಗಿಂತ ಜಾಸ್ತಿ ಕೇಳಿದ.

ಮೂರನೇ ಸಲ ನೋಟ್‌ಬುಕ್ ಇಟ್ಟೆ, ವಾರಕ್ಕೊಮ್ಮೆ ಬರೆದೆ. ಗೆರೆ ಎಳೆದು ಹೊಡೆದಿರೋ ಹಳೇ ಬೆಲೆಯನ್ನು ನಾನು ನೋಡೋದೇ ಇಲ್ಲ, ಕೊನೆಗೆ ಕೈಯಿಂದ ಎಷ್ಟು ಹೋಗುತ್ತೋ ಅಷ್ಟೇ ಲೆಕ್ಕ. ಬಿಡುಗಡೆಯ ಬೆಲೆ 100 ಅಂತಿಟ್ಟುಕೊಳ್ಳಿ. ನಾಲ್ಕು ತಿಂಗಳಾದರೂ 90ರ ಹತ್ತಿರವೇ ಇತ್ತು. ವರ್ಷದ ಕೊನೆಯ ಸೇಲ್‌ನಲ್ಲಿ 72. ಜನವರಿಯಲ್ಲಿ ಮತ್ತೆ 80ಕ್ಕೆ ಏರಿದಾಗ ಹೊಟ್ಟೆ ಉರಿಯಿತು, ಸುಮ್ನೆ ಕೂತೆ. ಮಾರ್ಚ್ ನಡುವೆ ಹೊಸ ಮಾಡೆಲ್ ಅಂಗಡಿಯಲ್ಲಿ ಕಾಣಿಸಿಕೊಂಡ ವಾರ ಹಳೇದು 64ಕ್ಕೆ ಬಂತು.

ಆದರೆ ನನಗೆ ಸುಳಿವು ಕೊಟ್ಟಿದ್ದು ಬೆಲೆ ಅಲ್ಲ, ಸೈಜು. ಆ ವಾರ 48 ಇಂಚು ಎಲ್ಲಾ ಕಡೆ ಖಾಲಿ, 65 ಇಂಚು ನಾನು ನೋಡುತ್ತಿದ್ದ ಐದು ಅಂಗಡಿಗಳಲ್ಲಿ ಮೂರರಲ್ಲಿ ಮಾತ್ರ. ಒಂದು ಸೈಜು ಮಾಯವಾದರೆ ಉಳಿದವಕ್ಕೆ ಎರಡು ಮೂರು ವಾರ ಅಷ್ಟೇ ಅನ್ನೋದು ಹಿಂದಿನ ಸಲದ ಪಾಠ, ಹಾಗಾಗಿ ಇನ್ನೂ ಇಳಿಯಲಿ ಅಂತ ಕಾಯದೆ ತಗೊಂಡುಬಿಟ್ಟೆ. ಮುಂದೆ ಒಮ್ಮೆ 62 ಆಯ್ತು, ನಿಜ. ಅದಾದ ಮೇಲೆ ನೇರ 78! ಕೌಂಟರ್‌ನಲ್ಲಿ ಏನು ಹೇಳಿ ಇನ್ನೊಂದಿಷ್ಟು ಇಳಿಸಿಕೊಂಡೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಡಿಸ್‌ಪ್ಲೇ ಪೀಸ್ ಒಂದನ್ನೂ ನೋಡಿದ್ದೆ, 55ಕ್ಕೇ ಕೊಡ್ತೀವಿ ಅಂದರು. ಓಎಲ್‌ಇಡಿ ಪರದೆ ಅಲ್ವಾ, ಒಂದೇ ಚಿತ್ರ ತುಂಬಾ ಕಾಲ ನಿಂತರೆ ಅಚ್ಚು ಉಳಿದುಬಿಡಬಹುದು, ಅದಕ್ಕೇ ಪೆನ್‌ಡ್ರೈವ್‌ನಲ್ಲಿ ಬರೀ ಬೂದು ಬಣ್ಣದ ಚಿತ್ರ ಹಾಕಿಕೊಂಡು ಹೋಗಿ ಪರದೆ ತುಂಬಾ ಬಿಟ್ಟೆ. ಮೂಲೆಯಲ್ಲಿ ಅಂಗಡಿಯ ಡೆಮೊ ವಿಡಿಯೋದ ಲೋಗೊ ಮಸುಕಾಗಿ ಅಚ್ಚೊತ್ತಿತ್ತು. ಮೆನುವಿನಲ್ಲಿ ನೋಡಿದರೆ ಸುಮಾರು 3,000 ಗಂಟೆ ಓಡಿದೆ. ನಮಸ್ಕಾರ ಹೇಳಿ ಬಂದೆ.

ಇದೇ ಲೆಕ್ಕ ಐಫೋನ್‌ಗೆ ಹಾಕಲು ಹೋಗಿ ಕೆಟ್ಟೆ. ಅಲ್ಲಿ ಸೆಪ್ಟೆಂಬರ್‌ನಲ್ಲಿ ಹೊಸದು ಬಂದ ದಿನವೇ ಕಂಪನಿ ಹಿಂದಿನ ಸಾದಾ ಮಾಡೆಲ್‌ನ ಬೆಲೆ ಇಳಿಸುತ್ತೆ, ಪ್ರೊ ಆದರೆ ಮಾರೋದನ್ನೇ ನಿಲ್ಲಿಸುತ್ತೆ. ನಾನು ಕಾಯುತ್ತಿದ್ದದ್ದು ಪ್ರೊಗೆ.